ರಕ್ತ ಪರೀಕ್ಷೆಯಲ್ಲೋ ಎಂಆರ್‌ಐನಲ್ಲೋ ‘ಯಾಕೆ ಗೇ’ ಅಂತ ಗೊತ್ತಾಗುತ್ತಾ?

ತುಮಕೂರಿನ ಅಕ್ಕ

ನನ್ನ ತಮ್ಮನಿಗೆ 26 ವರ್ಷ. ಯುಗಾದಿಗೆ ಊರಿಗೆ ಬಂದಾಗ, ತನಗೆ ಹುಡುಗರೇ ಇಷ್ಟ, ಹೆಣ್ಣು ನೋಡೋದು ಬೇಡ ಅಂತ ಹೇಳಿಬಿಟ್ಟ. ಮನೆಯಲ್ಲಿ ಗಲಾಟೆ ಆಯಿತು, ಅದು ಬಿಡಿ. ಅಪ್ಪನಿಗೆ ಯಾರೋ “ಗಂಡು ಹಾರ್ಮೋನ್ ಕಮ್ಮಿ ಇರುತ್ತೆ, ಚೆಕ್ ಮಾಡಿಸಿ” ಅಂದಿದ್ದಾರೆ. ಅಪ್ಪನ ಸಮಾಧಾನಕ್ಕೆ ಅಂತ ತಮ್ಮನೂ ರಕ್ತ ಕೊಟ್ಟ. ಟೆಸ್ಟೋಸ್ಟೆರಾನ್, ಪ್ರೊಲ್ಯಾಕ್ಟಿನ್, ಥೈರಾಯ್ಡ್ ಎಲ್ಲಾ ನಾರ್ಮಲ್ ಬಂತು. ಈಗ ಅಪ್ಪ “ಹಾಗಾದ್ರೆ ಮಿದುಳಲ್ಲೇ ಏನೋ ಇದೆ, ಎಂಆರ್‌ಐ ಮಾಡಿಸೋಣ” ಅಂತ ಹಠ ಹಿಡಿದಿದ್ದಾರೆ. ಮಿದುಳಲ್ಲಿ ವ್ಯತ್ಯಾಸ ಕಂಡುಹಿಡಿದಿದ್ದಾರೆ ಅಂತ ನಾನೂ ಎಲ್ಲೋ ಓದಿದ ನೆನಪು. ನಿಜಕ್ಕೂ ಏನು ಸಿಕ್ಕಿದೆ? ಸ್ಕ್ಯಾನಿನಲ್ಲಿ ಕಾಣುತ್ತಾ?

ವಿಜ್ಞಾನಪ್ರಿಯ

ಅಕ್ಕಾ, ಇದು ಯಾವತ್ತೋ ಇತ್ಯರ್ಥ ಆದ ವಿಷಯ. 1991ರಲ್ಲಿ ಸೈಮನ್ ಲೆವೆ ಅನ್ನೋ ವಿಜ್ಞಾನಿ ಅಮೆರಿಕದ ಸಾಕ್ ಸಂಸ್ಥೆಯಲ್ಲಿ ಕೂತು ತೋರಿಸಿಬಿಟ್ಟರು. ಗೇ ಗಂಡಸರ ಮಿದುಳಿನ ತಳದಲ್ಲಿರುವ ಹೈಪೋಥಲಾಮಸ್‌ನಲ್ಲಿ ಒಂದು ಭಾಗ ಬೇರೆ ಗಂಡಸರಿಗಿಂತ ಅರ್ಧಕ್ಕೂ ಚಿಕ್ಕದು, ಹೆಂಗಸರಷ್ಟೇ ಇರುತ್ತದೆ. ಅಂದರೆ ಹುಟ್ಟಿನಿಂದಲೇ ಮಿದುಳು ಬೇರೆ. ‘ಸೈನ್ಸ್’ ಪತ್ರಿಕೆಯಲ್ಲಿ ಬಂದದ್ದು, ಸುಮ್ನೆ ವಾಟ್ಸ್ಆ್ಯಪ್ ಸುದ್ದಿಯಲ್ಲ. ಅಪ್ಪನಿಗೆ ಅದನ್ನೇ ತೋರಿಸಿ, ಮಾತು ಮುಗಿಯುತ್ತೆ.

ಸ್ಲೈಡ್ ಡಬ್ಬಿ

ಮುಗಿಯೋದಿಲ್ಲ. ನಾನು ಬಹಳ ವರ್ಷ ಮಿದುಳಿನ ಸ್ಲೈಡ್‌ಗಳ ಜೊತೆಗೇ ಕೆಲಸ ಮಾಡಿದವನು. ಆ ಪ್ರಬಂಧವನ್ನು ವಿದ್ಯಾರ್ಥಿಗಳಿಗೆ ಹಲವು ಸಲ ಓದಿಸಿದ್ದೇನೆ. ಒಳ್ಳೆಯ ಕೆಲಸವೇ, ಆದರೆ ಮೇಲೆ ಹೇಳಿದಷ್ಟನ್ನು ಅದು ಹೇಳುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ರಕ್ತದ ವಿಷಯ.

ನಿಮ್ಮಪ್ಪನ ಊಹೆ ಹೊಸದಲ್ಲ. 1940ರ ದಶಕದಲ್ಲಿ ಅಮೆರಿಕದ ವೈದ್ಯರೂ ಹಾಗೇ ಅಂದುಕೊಂಡಿದ್ದರು. ಗೇ ಗಂಡಸರ ಮೂತ್ರದಲ್ಲಿ ಹಾರ್ಮೋನ್ ಅಳೆದರು, ಕಮ್ಮಿ ಇದೆ ಅಂದರು, ಗಂಡು ಹಾರ್ಮೋನ್ ಕೊಟ್ಟೂ ನೋಡಿದರು. ಕೆಲವರಿಗೆ ಆಸೆ ಜಾಸ್ತಿ ಆಯಿತು. ಆದರೆ ಆ ಆಸೆ ಮೊದಲು ಯಾರ ಕಡೆಗಿತ್ತೋ ಅವರ ಕಡೆಗೇ ಇತ್ತು. ಮುಂದೆ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸರಿಯಾಗಿ ಅಳೆಯುವ ವಿಧಾನ ಬಂದ ಮೇಲೆ ಹತ್ತಾರು ಅಧ್ಯಯನ ನಡೆದವು. 1984ರಲ್ಲಿ ಮೇಯರ್-ಬಾಲ್‌ಬುರ್ಗ್ ಅನ್ನುವವರು ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಬಹುಪಾಲು ಅಧ್ಯಯನಗಳಲ್ಲಿ ಗೇ ಗಂಡಸರಿಗೂ ಬೇರೆ ಗಂಡಸರಿಗೂ ವ್ಯತ್ಯಾಸವೇ ಇರಲಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ಆದವರಿಗೆ ಇಂಜೆಕ್ಷನ್ ಕೊಟ್ಟು ಟೆಸ್ಟೋಸ್ಟೆರಾನ್ ಅನ್ನು ಹೆಚ್ಚುಕಡಿಮೆ ಇಲ್ಲದಂತೆ ಮಾಡುತ್ತಾರೆ. ಅವರಿಗೆ ಆಸೆ ಬತ್ತುತ್ತದೆ. ಹೆಂಡತಿ ಮೇಲಿನ ಆಸೆ ಹೋಗಿ ಗಂಡಸರ ಮೇಲೆ ಬರುವುದಿಲ್ಲ. ದೊಡ್ಡವರಾದ ಮೇಲೆ ರಕ್ತದಲ್ಲಿರುವ ಹಾರ್ಮೋನ್ ಆಸೆಯ ಜೋರನ್ನು ಏರಿಸುತ್ತೆ, ಇಳಿಸುತ್ತೆ. ಅದು ಯಾರ ಕಡೆಗೆ ಅನ್ನುವುದನ್ನು ಅದು ತೀರ್ಮಾನಿಸುತ್ತೆ ಅನ್ನುವುದಕ್ಕೆ ಆಧಾರವಿಲ್ಲ. ಹಾಗಾಗಿ ನಿಮ್ಮ ತಮ್ಮನ ರಿಪೋರ್ಟ್ ನಾರ್ಮಲ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ವೇಳೆ ಕಮ್ಮಿ ಬಂದಿದ್ದರೂ, ಅದನ್ನು ಬೇರೆ ತೊಂದರೆ ಅಂತಲೇ ನೋಡಬೇಕಿತ್ತು.

ಹೆಸರು ಬೇಡ

ಇಂಜೆಕ್ಷನ್ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ನನಗೆ ಕೊಡಿಸಿದ್ದರು. ಒಂದು ಕ್ಲಿನಿಕ್ಕಿನಲ್ಲಿ “ಗಂಡಸುತನ ಗಟ್ಟಿ ಆಗುತ್ತೆ, ಆಮೇಲೆ ಹುಡುಗೀರ ಮೇಲೆ ತಾನಾಗೇ ಮನಸ್ಸು ಬರುತ್ತೆ” ಅಂದಿದ್ದರು. ಬಂದದ್ದು ಬೆನ್ನ ತುಂಬಾ ಮೊಡವೆ, ಸಿಟ್ಟು. ಮನಸ್ಸು ಇದ್ದಲ್ಲೇ ಇತ್ತು, ಇನ್ನೂ ಜೋರಾಗಿತ್ತು ಅಷ್ಟೇ. ಈಗ ಅದು ನಗೋ ವಿಷಯ, ಆಗ ಅಲ್ಲ. ಅಕ್ಕಾ, ರಿಪೋರ್ಟ್ ಹಿಡಿದುಕೊಂಡು ಇಂಥವರ ಹತ್ತಿರ ಮಾತ್ರ ಹೋಗಬೇಡಿ.

ಸ್ಲೈಡ್ ಡಬ್ಬಿ

ಮೊಡವೆಗೆ ನಿಂತಿದ್ದು ಪುಣ್ಯ. ಟೆಸ್ಟೋಸ್ಟೆರಾನ್ ಸರಿಯಾಗೇ ಇರುವ ಹುಡುಗನಿಗೆ ಹೊರಗಿಂದ ಕೊಟ್ಟರೆ, ವೃಷಣ ತನ್ನ ಕೆಲಸ ನಿಲ್ಲಿಸುತ್ತಾ ಬರುತ್ತೆ, ವೀರ್ಯಾಣು ಎಣಿಕೆ ಬೀಳುತ್ತೆ. ಆಕರ್ಷಣೆ ಬದಲಿಸುತ್ತೇವೆ ಅನ್ನುವ ‘ಚಿಕಿತ್ಸೆ’ಯನ್ನು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ವೃತ್ತಿ ದುರ್ನಡತೆ ಅಂತ ಹೇಳಿದೆ. ಯಾರಾದರೂ ಮುಂದೆ ಬಂದರೆ ಇದನ್ನು ನೆನಪಿಸಿ.

ಬೆಳಗಿನ ಕಾಫಿ

ಸರ್, ನನ್ನದೊಂದು ಪ್ರಶ್ನೆ. ನನಗೆ ಪಿಸಿಒಎಸ್ ಇದೆ, ರಿಪೋರ್ಟಿನಲ್ಲಿ ಟೆಸ್ಟೋಸ್ಟೆರಾನ್ ಮೇಲಿನ ಮಿತಿ ದಾಟಿದೆ. ಗಲ್ಲದ ಮೇಲೆ ಕೂದಲು ಬೇರೆ. ಹಾಗಾದ್ರೆ ನನಗೂ ಮುಂದೆ ಹೆಂಗಸರ ಮೇಲೆ ಆಕರ್ಷಣೆ ಬರುತ್ತಾ? ಗಂಡನಿಗೆ ಹೇಳಿದರೆ ನಗುತ್ತಾರೆ.

ಸ್ಲೈಡ್ ಡಬ್ಬಿ

ಇಲ್ಲ ಮೇಡಂ. ಮೇಲೆ ಗಂಡಸರ ಬಗ್ಗೆ ಹೇಳಿದ್ದೇ ಇಲ್ಲೂ. ದೊಡ್ಡವರಾದ ಮೇಲೆ ಸ್ವಲ್ಪ ಏರಿದ ಹಾರ್ಮೋನ್ ದಿಕ್ಕು ತಿರುಗಿಸುವುದಿಲ್ಲ. ಕೂದಲು, ಮುಟ್ಟು, ಸಕ್ಕರೆ ಇವುಗಳ ಕಡೆ ನೋಡಿಕೊಳ್ಳಿ.

ಆದರೆ ನಿಮ್ಮ ಪ್ರಶ್ನೆಯಿಂದ ಮುಖ್ಯವಾದ ಜಾಗಕ್ಕೆ ಬಂದೆವು. ಈ ಕ್ಷೇತ್ರದವರಿಗೆ ಈಗ ಕುತೂಹಲ ಇರುವುದು ರಕ್ತದಲ್ಲಿ ಇವತ್ತು ಇರುವ ಹಾರ್ಮೋನ್ ಬಗ್ಗೆ ಅಲ್ಲ, ತಾಯಿಯ ಹೊಟ್ಟೆಯಲ್ಲಿದ್ದಾಗ ಮಿದುಳಿಗೆ ಸಿಕ್ಕಿದ ಹಾರ್ಮೋನ್ ಬಗ್ಗೆ. ಅದನ್ನು ಮಗುವಿನ ಮೇಲೆ ಪ್ರಯೋಗ ಮಾಡಿ ನೋಡುವ ಹಾಗಿಲ್ಲ. ಹಾಗಾಗಿ ಪ್ರಕೃತಿಯೇ ಮಾಡಿದ ಪ್ರಯೋಗ ಹುಡುಕುತ್ತಾರೆ. ಸಿಎಎಚ್ ಅನ್ನುವ ಹುಟ್ಟು ಕಾಯಿಲೆ ಒಂದಿದೆ. ಅದರಲ್ಲಿ ಹೆಣ್ಣು ಭ್ರೂಣದ ಅಡ್ರಿನಲ್ ಗ್ರಂಥಿ ಗಂಡು ಹಾರ್ಮೋನ್‌ಗಳನ್ನು ಬಹಳ ಜಾಸ್ತಿ ಸುರಿಸುತ್ತದೆ. ಹುಟ್ಟಿದ ಮೇಲೆ ಔಷಧಿ ಕೊಟ್ಟು ಅದನ್ನು ತಗ್ಗಿಸುತ್ತಾರೆ. ಈ ಹುಡುಗಿಯರು ದೊಡ್ಡವರಾದಾಗ ಹೆಂಗಸರ ಕಡೆಗೆ, ಅಥವಾ ಇಬ್ಬರ ಕಡೆಗೂ ಆಕರ್ಷಣೆ ಇರುವವರ ಪಾಲು ಬೇರೆ ಹೆಂಗಸರಿಗಿಂತ ಜಾಸ್ತಿ ಇರುತ್ತದೆ. ಕಾಯಿಲೆ ತೀವ್ರವಾಗಿದ್ದಷ್ಟೂ ಪಾಲು ಏರುತ್ತದೆ.

ಹೊಟ್ಟೆಯೊಳಗಿನ ಹಾರ್ಮೋನ್‌ಗೆ ಪಾತ್ರ ಇದೆ ಅನ್ನುವುದಕ್ಕೆ ಮನುಷ್ಯರಲ್ಲಿ ಸಿಕ್ಕಿರುವ ಒಳ್ಳೆಯ ಸುಳಿವುಗಳಲ್ಲಿ ಇದೂ ಒಂದು. ಆದರೂ ಅವರಲ್ಲಿ ಹೆಚ್ಚಿನವರಿಗೆ ಗಂಡಸರ ಮೇಲೇ ಆಕರ್ಷಣೆ. ಅಷ್ಟೊಂದು ಹಾರ್ಮೋನ್ ಬಿದ್ದ ಮೇಲೂ! ಅದೂ ಅಲ್ಲದೆ ಕೆಲವರು ಹುಟ್ಟುವಾಗ ಜನನಾಂಗದಲ್ಲಿ ವ್ಯತ್ಯಾಸ ಇರುತ್ತೆ, ಚಿಕ್ಕಂದಿನಲ್ಲೇ ಆಪರೇಷನ್, ಮೇಲಿಂದ ಮೇಲೆ ಆಸ್ಪತ್ರೆ. ಇದೆಲ್ಲದರ ಪ್ರಭಾವವನ್ನು ಬೇರ್ಪಡಿಸುವುದು ಸುಲಭವಲ್ಲ. ಇನ್ನು ಲೆಸ್ಬಿಯನ್ ಆದ ಬಹುಪಾಲು ಹೆಂಗಸರಿಗೆ ಸಿಎಎಚ್ ಇರುವುದೇ ಇಲ್ಲ.

ವಿಜ್ಞಾನಪ್ರಿಯ

ಸರಿ, ಆದ್ರೆ ಲೆವೆ ವಿಷಯ ತಪ್ಪಿಸಬೇಡಿ. ಮಿದುಳು ಕತ್ತರಿಸಿ ಅಳೆದು ತೋರಿಸಿದ್ದಾರೆ. ಅಳತೆ ಸುಳ್ಳಾ?

ಸ್ಲೈಡ್ ಡಬ್ಬಿ

ಅಳತೆ ಸುಳ್ಳಲ್ಲ. ಏನು ಅಳೆದರು ಅಂತ ನೋಡೋಣ.

ಸತ್ತ 41 ಜನರ ಮಿದುಳು. 19 ಗೇ ಗಂಡಸರು, ಎಲ್ಲರೂ ಏಡ್ಸ್‌ನಿಂದ ಸತ್ತವರು. 16 ಬೇರೆ ಗಂಡಸರು, ಅವರಲ್ಲಿ 6 ಜನ ಏಡ್ಸ್‌ನಿಂದ. ಉಳಿದ 6 ಹೆಂಗಸರು. ಹೈಪೋಥಲಾಮಸ್‌ನ ಮುಂಭಾಗದಲ್ಲಿ ಜೀವಕೋಶಗಳ ನಾಲ್ಕು ಪುಟ್ಟ ಗುಂಪುಗಳಿವೆ. ಅವನ್ನು ತೆಳುವಾಗಿ ಸೀಳಿ, ಬಣ್ಣ ಹಾಕಿ, ಯಾವ ಸ್ಲೈಡ್ ಯಾರದು ಅಂತ ತನಗೇ ಗೊತ್ತಾಗದ ಹಾಗೆ ಕೋಡ್ ಹಾಕಿಸಿಕೊಂಡು ಲೆವೆ ಅಳೆದರು. ಮೂರು ಗುಂಪುಗಳಲ್ಲಿ ಏನೂ ವ್ಯತ್ಯಾಸವಿಲ್ಲ. ಐಎನ್‌ಎಎಚ್-3 ಅನ್ನುವ ಒಂದರಲ್ಲಿ ಮಾತ್ರ ಸಿಕ್ಕಿತು. ಗೇ ಅಲ್ಲದ ಗಂಡಸರಲ್ಲಿ ಸರಾಸರಿ 0.12 ಘನ ಮಿಲಿಮೀಟರ್, ಗೇ ಗಂಡಸರಲ್ಲಿ ಸುಮಾರು 0.05, ಹೆಂಗಸರಲ್ಲೂ ಹತ್ತಿರ ಹತ್ತಿರ ಅಷ್ಟೇ.

ಇದು ಸರಾಸರಿಯ ಮಾತು, ನೆನಪಿರಲಿ. ದೊಡ್ಡ ಗುಂಪಿರುವ ಗೇ ಗಂಡಸರೂ ಇದ್ದರು, ಚಿಕ್ಕದಿರುವ ಬೇರೆ ಗಂಡಸರೂ ಇದ್ದರು. ಒಂದು ಸ್ಲೈಡ್ ಕೊಟ್ಟು ಇದು ಯಾರದು ಹೇಳಿ ಅಂದರೆ ಖಚಿತವಾಗಿ ಹೇಳಲಾಗದು. ಇನ್ನು ‘ಗೇ ಅಲ್ಲದವರು’ ಅಂದರೆ ಯಾರು? ಆಸ್ಪತ್ರೆ ಕಡತದಲ್ಲಿ ಆ ಬಗ್ಗೆ ಏನೂ ಬರೆದಿರದ ಹೆಚ್ಚಿನವರನ್ನು ಹಾಗಂತ ಅಂದುಕೊಂಡದ್ದು. ಸತ್ತವರನ್ನು ಕೇಳುವ ಹಾಗಿಲ್ಲವಲ್ಲ.

ಏಡ್ಸ್‌ನಿಂದಲೇ ಅದು ಕುಗ್ಗಿರಬಹುದು ಅಂತ ಆಗಲೇ ಜನ ಹೇಳಿದರು. ಗೇ ಅಲ್ಲದೆ ಏಡ್ಸ್‌ನಿಂದ ಸತ್ತ ಆ 6 ಗಂಡಸರಲ್ಲಿ ಅದು ಕುಗ್ಗಿರಲಿಲ್ಲ ಅಂತ ಲೆವೆ ಉತ್ತರಿಸಿದರು. ಈ ಒಂದು ವಿಷಯದಲ್ಲಿ ಅವರ ಮಾತು ಆಮೇಲೂ ನಿಂತಿತು. ಆದರೆ ಹುಟ್ಟಿನಿಂದ ಬಂದದ್ದು ಅಂತ ತಾನು ಸಾಬೀತು ಮಾಡಿಲ್ಲ ಅಂತ ಲೆವೆಯವರೇ ಹೇಳಿದ್ದಾರೆ. ಸತ್ತ ದೊಡ್ಡವರ ಮಿದುಳು ನೋಡಿದಾಗ, ಆ ವ್ಯತ್ಯಾಸ ಹುಟ್ಟುವ ಮೊದಲೇ ಇತ್ತಾ, ಬದುಕಿನಲ್ಲಿ ಬಂತಾ ಅಂತ ತಿಳಿಯುವುದಿಲ್ಲ. ಅನುಭವದಿಂದ ನರಕೋಶದ ಗಾತ್ರ ಬದಲಾಗೋದು ಸಾಧ್ಯ. 1997ರಲ್ಲಿ ಬ್ರೀಡ್‌ಲವ್ ಅನ್ನುವ ವಿಜ್ಞಾನಿ ಗಂಡು ಇಲಿಗಳಿಗೆ ಸಮಾನವಾಗಿ ಹಾರ್ಮೋನ್ ಕೊಟ್ಟು, ಕೂಡಿದ ಇಲಿಗಳ ಮತ್ತು ಕೂಡದ ಇಲಿಗಳ ಬೆನ್ನುಹುರಿಯ ನರಕೋಶ ಅಳೆದಾಗ ಗಾತ್ರ ಬೇರೆ ಬಂತು.

ತುಮಕೂರಿನ ಅಕ್ಕ

ಅದನ್ನೇ ಬೇರೆಯವರು ಮತ್ತೆ ಅಳೆದು ನೋಡಿಲ್ವಾ ಸರ್?

ಸ್ಲೈಡ್ ಡಬ್ಬಿ

ನೋಡಿದ್ದಾರೆ. ನ್ಯೂಯಾರ್ಕಿನ ವಿಲಿಯಂ ಬೈನ್, 2001ರಲ್ಲಿ. ಜನ ಹೆಚ್ಚು, ಮತ್ತು ಬೈನ್ ಬರೀ ಗಾತ್ರ ಅಳೆಯಲಿಲ್ಲ, ಒಳಗಿರುವ ನರಕೋಶಗಳನ್ನು ಎಣಿಸಿದರು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಜಾಸ್ತಿ ಗಮನ ಕೊಡಬೇಕಾದ್ದು ಇಲ್ಲಿ.

ಗಂಡು-ಹೆಣ್ಣಿನ ನಡುವೆ ವ್ಯತ್ಯಾಸ ಮತ್ತೆ ಸಿಕ್ಕಿತು. ಗಂಡಸರಲ್ಲಿ ಗುಂಪೂ ದೊಡ್ಡದು, ಕೋಶಗಳೂ ಜಾಸ್ತಿ. ಎಚ್‌ಐವಿಗೂ ಈ ಗುಂಪಿನ ಗಾತ್ರಕ್ಕೂ ಸಂಬಂಧ ಕಾಣಲಿಲ್ಲ. ಗೇ ಗಂಡಸರಲ್ಲಿ ಗಾತ್ರ ಸ್ವಲ್ಪ ಚಿಕ್ಕದಿರುವ ಹಾಗೆ ಕಂಡಿತು, ಆದರೆ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಕೋಶಗಳ ಸಂಖ್ಯೆಯಲ್ಲಂತೂ ಗೇ ಗಂಡಸರಿಗೂ ಬೇರೆ ಗಂಡಸರಿಗೂ ವ್ಯತ್ಯಾಸವೇ ಇಲ್ಲ.

ಎರಡು ಓಣಿಗಳಲ್ಲೂ ಅಷ್ಟೇ ಮನೆಗಳು, ಒಂದರಲ್ಲಿ ನಡುವಿನ ಜಾಗ ಮಾತ್ರ ಕಮ್ಮಿ ಅಂತ ಇಟ್ಟುಕೊಳ್ಳಿ. ಕೋಶಗಳ ನಡುವಿನ ಆ ಜಾಗದಲ್ಲಿರುವುದು ಅವುಗಳ ಕವಲುಗಳು, ಒಂದಕ್ಕೊಂದು ಕೂಡುವ ಸಂಪರ್ಕಗಳು. ಕೋಶಗಳ ಸಂಖ್ಯೆ ಬಹುಮಟ್ಟಿಗೆ ಬಹಳ ಮೊದಲೇ ನಿಗದಿಯಾಗುತ್ತದೆ. ಕವಲು ಮತ್ತು ಸಂಪರ್ಕ ಹುಟ್ಟಿದ ಮೇಲೂ ಬೆಳೆಯುತ್ತವೆ, ಬದಲಾಗುತ್ತವೆ. ಹಾಗಾಗಿ ‘ಗೇ ಗಂಡಸರ ಮಿದುಳು ಹೆಂಗಸರ ಮಿದುಳಿನ ಹಾಗೆ’ ಅನ್ನುವುದಕ್ಕೆ ಬೈನ್ ಅವರ ಎಣಿಕೆ ಒಪ್ಪುವುದಿಲ್ಲ. ಹೆಂಗಸರಲ್ಲಿ ಕೋಶಗಳೇ ಕಮ್ಮಿ, ಗೇ ಗಂಡಸರಲ್ಲಿ ಅಲ್ಲ. ಗಾತ್ರದಲ್ಲಿ ವ್ಯತ್ಯಾಸ ನಿಜಕ್ಕೂ ಇದ್ದರೆ ಅದು ಬಂದ ದಾರಿ ಬೇರೆ ಇರಬೇಕು.

ಇನ್ನು ಎಂಆರ್‌ಐ. ಸಾಮಾನ್ಯ ಸ್ಕ್ಯಾನ್ ಅನ್ನು ಬಹಳ ಸೂಕ್ಷ್ಮವಾಗಿ ಮಾಡಿದರೂ ಚಿತ್ರದ ಒಂದೊಂದು ಚುಕ್ಕೆ ಸುಮಾರು ಒಂದು ಘನ ಮಿಲಿಮೀಟರ್. ನಾವು ಹುಡುಕುತ್ತಿರುವ ಗುಂಪು ಅದರ ಎಂಟನೇ ಒಂದು ಭಾಗ. ಇಡೀ ಗುಂಪು ಒಂದು ಚುಕ್ಕೆಯೊಳಗೆ ಮುಳುಗಿಹೋಗುತ್ತೆ. ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತ ಬರುತ್ತೆ, ನಿಮ್ಮಪ್ಪ ಮತ್ತೆ ಬೇರೆ ಏನಾದರೂ ಹುಡುಕುತ್ತಾರೆ. ಇಲ್ಲವೇ ಸಂಬಂಧವೇ ಇಲ್ಲದ ಯಾವುದೋ ಪುಟ್ಟ ನೀರುಗುಳ್ಳೆ ಕಂಡು, ಅದೇ ಕಾರಣ ಅಂತ ಹಿಡಿದುಕೊಳ್ಳುತ್ತಾರೆ. ಎರಡನೆಯದೇ ನನಗೆ ಭಯ.

ಹಿರಿಯೂರು ಕುರಿಮಂದೆ

ಇದರಲ್ಲಿ ಮಾತಾಡಬಹುದೋ ಬಾರದೋ ಗೊತ್ತಿಲ್ಲ. ನಮ್ಮಲ್ಲಿ ಕುರಿ ಮಂದೆ ಇದೆ. ಆಗೀಗ ಒಂದು ಟಗರು ಬರುತ್ತೆ, ನೋಡಕ್ಕೆ ಗಟ್ಟಿಮುಟ್ಟಾಗಿರುತ್ತೆ, ಬೆದೆಗೆ ಬಂದ ಕುರಿ ಪಕ್ಕದಲ್ಲಿ ನಿಂತ್ರೂ ಮೂಸೋದಿಲ್ಲ, ಬೇರೆ ಟಗರಿನ ಮೇಲೇ ಹತ್ತುತ್ತೆ. ಮೇವು ಸರಿ ಇಲ್ಲ ಅಂತಾರೆ, ಖನಿಜದ ಪುಡಿ ಹಾಕಿದ್ರೆ ಸರಿ ಹೋಗುತ್ತಾ? ಇಲ್ಲಾಂದ್ರೆ ಮಾರೋದೇ.

ಸ್ಲೈಡ್ ಡಬ್ಬಿ

ಗೌಡ್ರೇ, ಖನಿಜದ ಪುಡಿಯಿಂದ ಅದು ಬದಲಾಗಲ್ಲ. ಆದರೆ ನೀವು ಹೇಳಿದ ಟಗರಿನ ಬಗ್ಗೆಯೇ ಅಮೆರಿಕದ ಆರೆಗಾನ್‌ನಲ್ಲಿ ಚಾರ್ಲ್ಸ್ ರೊಸೆಲ್ಲಿ ಬಹಳ ವರ್ಷ ಕೆಲಸ ಮಾಡಿದ್ದಾರೆ. ಅವರ ಪರೀಕ್ಷೆ ಹೀಗೆ. ಬೆದೆಗೆ ಬಂದ ಎರಡು ಕುರಿ, ಎರಡು ಟಗರು, ನಾಲ್ಕನ್ನೂ ಕದಲದ ಹಾಗೆ ಕಟ್ಟಿ ನಿಲ್ಲಿಸುವುದು. ಪರೀಕ್ಷೆಯ ಟಗರನ್ನು ಒಳಗೆ ಬಿಟ್ಟು ಯಾರ ಹತ್ತಿರ ಹೋಗುತ್ತೆ ಅಂತ ಬರೆದುಕೊಳ್ಳುವುದು. ಮತ್ತೆ ಮತ್ತೆ ಬಿಟ್ಟರೂ ಟಗರಿನ ಕಡೆಗೇ ಹೋಗುವವು ಸುಮಾರು ನೂರಕ್ಕೆ 8.

2004ರಲ್ಲಿ ಅವುಗಳ ಮಿದುಳು ನೋಡಿದರು. ಐಎನ್‌ಎಎಚ್-3ಕ್ಕೆ ಹೋಲುವ ಜಾಗದಲ್ಲಿರುವ ಕೋಶಗಳ ಗುಂಪು ಕುರಿಯ ಕಡೆ ಹೋಗುವ ಟಗರುಗಳಲ್ಲಿ ದೊಡ್ಡದು, ಟಗರಿನ ಕಡೆ ಹೋಗುವವುಗಳಲ್ಲಿ ಚಿಕ್ಕದು. ಇಲ್ಲಿ ಕೋಶಗಳ ಸಂಖ್ಯೆಯೂ ಬೇರೆ ಇತ್ತು. ಆಮೇಲೆ ಹೊಟ್ಟೆಯಲ್ಲಿದ್ದ ಮರಿಗಳಲ್ಲಿ ನೋಡಿದಾಗ, ಗಂಡು-ಹೆಣ್ಣಿನ ನಡುವಿನ ವ್ಯತ್ಯಾಸ ಹುಟ್ಟುವ ಮೊದಲೇ ಇತ್ತು. ಗಬ್ಬದ ಕುರಿಗೆ ಮೊದಲ ತಿಂಗಳು ಕಳೆದ ಮೇಲೆ ಟೆಸ್ಟೋಸ್ಟೆರಾನ್ ಕೊಟ್ಟರೆ ಹೆಣ್ಣು ಮರಿಯಲ್ಲೂ ಆ ಗುಂಪು ದೊಡ್ಡದಾಯಿತು.

ವಿಜ್ಞಾನಪ್ರಿಯ

ನೋಡಿ! ನಾನು ಹೇಳಿದ್ದೇ ಅಲ್ವಾ? ಹೊಟ್ಟೆಯಲ್ಲೇ ತೀರ್ಮಾನ ಆಯ್ತಲ್ಲ.

ಸ್ಲೈಡ್ ಡಬ್ಬಿ

ಟಗರಿನಲ್ಲಿ ಆ ಕಡೆಗೆ ವಾಲುವ ಆಧಾರ ಗಟ್ಟಿಯಾಗಿದೆ, ಒಪ್ಪಿದೆ. ಆದರೂ ನಡುವೆ ಒಂದು ಕೊಂಡಿ ಇಲ್ಲ. ಹೊಟ್ಟೆಯೊಳಗಿನ ಮರಿಯಲ್ಲಿ ತೋರಿಸಿದ್ದು ಗಂಡು-ಹೆಣ್ಣಿನ ವ್ಯತ್ಯಾಸ. ಆ ಮರಿಗಳಲ್ಲಿ ಯಾವುದು ಮುಂದೆ ಯಾರ ಕಡೆ ಹೋಗುತ್ತಿತ್ತು ಅಂತ ತಿಳಿಯುವುದಿಲ್ಲ, ಮಿದುಳು ತೆಗೆದ ಮೇಲೆ ಅದು ಬೆಳೆಯುವುದಿಲ್ಲವಲ್ಲ. ಟಗರಿನಿಂದ ಮನುಷ್ಯನಿಗೆ ದಾಟುವುದಂತೂ ಇನ್ನೂ ದೂರ. ಇಲಿಯಲ್ಲಿ ಇದನ್ನೆಲ್ಲ ಅಳೆಯುತ್ತಿದ್ದದ್ದು ಬೆನ್ನು ಬಾಗಿಸುತ್ತಾ, ಮೇಲೆ ಹತ್ತುತ್ತಾ ಅಂತ. ಅದು ಭಂಗಿ, ಪ್ರೀತಿ ಅಲ್ಲ.

ಮೂರನೇ ಮಗ

ಅಣ್ಣಂದಿರ ವಿಷಯ ಯಾರೂ ಹೇಳಲೇ ಇಲ್ಲ. ನಾನು ಗೇ, ನನಗೆ ಇಬ್ಬರು ಅಣ್ಣಂದಿರು. ಅಣ್ಣಂದಿರು ಜಾಸ್ತಿ ಇದ್ದಷ್ಟೂ ಗೇ ಆಗುವ ಸಾಧ್ಯತೆ ಜಾಸ್ತಿಯಂತೆ. ನನ್ನ ವಿಷಯದಲ್ಲಂತೂ ಸಾಬೀತಾದ ಹಾಗೇ.

ಸ್ಲೈಡ್ ಡಬ್ಬಿ

ಬ್ಲಾಂಚರ್ಡ್ ಮತ್ತು ಬೊಗಾರ್ಟ್ ಅನ್ನುವ ಕೆನಡಾದವರು 1996ರಿಂದ ಹೇಳುತ್ತಾ ಬಂದದ್ದು. ಒಂದೇ ತಾಯಿಗೆ ಹುಟ್ಟಿದ ಒಬ್ಬೊಬ್ಬ ಅಣ್ಣನ ಲೆಕ್ಕಕ್ಕೂ ತಮ್ಮ ಗೇ ಆಗುವ ಸಾಧ್ಯತೆ ಸುಮಾರು ಮೂರನೇ ಒಂದರಷ್ಟು ಏರುತ್ತದೆ ಅನ್ನುವುದು ಅವರ ಲೆಕ್ಕ. ದತ್ತು ಬಂದ ಅಣ್ಣಂದಿರಿಂದ ಏರುವುದಿಲ್ಲ. ಹಾಗಾಗಿ ಕಾರಣ ಮನೆಯಲ್ಲಿ ಅಲ್ಲ, ಗರ್ಭದಲ್ಲಿ ಇರಬೇಕು ಅಂತಾರೆ. ಗಂಡು ಮಗುವಿನ ಒಂದು ಪ್ರೋಟೀನ್ ವಿರುದ್ಧ ತಾಯಿಯ ದೇಹ ಪ್ರತಿಕಾಯ ಬೆಳೆಸಿಕೊಳ್ಳುತ್ತದೆ ಅನ್ನುವ ಊಹೆಗೆ 2018ರಲ್ಲಿ ಸ್ವಲ್ಪ ಆಧಾರ ಕೊಟ್ಟರು. ಮೂಲ ಲೆಕ್ಕದ ವಿಧಾನವೇ ಸರಿಯಿಲ್ಲ ಅಂತ ತಕರಾರು ಎತ್ತಿದವರೂ ಇದ್ದಾರೆ, ಅದಿನ್ನೂ ಮುಗಿದಿಲ್ಲ.

ಲೆಕ್ಕ ಪೂರ್ತಿ ಸರಿ ಅಂತಲೇ ಇಟ್ಟುಕೊಳ್ಳೋಣ. ಅಣ್ಣ ಇಲ್ಲದವರಲ್ಲಿ ನೂರಕ್ಕೆ 2 ಅಂತಾದರೆ, ಒಬ್ಬ ಅಣ್ಣ ಇದ್ದರೆ ಸುಮಾರು 2.6, ಇಬ್ಬರಿದ್ದರೆ 3.5. ಅಂದರೆ ನಿಮ್ಮ ಹಾಗೆ ಇಬ್ಬರು ಅಣ್ಣಂದಿರಿರುವ ನೂರು ಜನರಲ್ಲಿ 96 ಜನ ಗೇ ಅಲ್ಲ. ದೊಡ್ಡ ಗುಂಪಿನಲ್ಲಿ ಇದು ಕಾಣಿಸಬಹುದು. ನೀವು ಯಾಕೆ ಅನ್ನುವುದನ್ನು ಇದು ಹೇಳುವುದಿಲ್ಲ. ಅಕ್ಕನ ತಮ್ಮನಿಗಂತೂ ಅಣ್ಣನೇ ಇಲ್ಲ ಅನ್ನಿಸುತ್ತೆ.

ಮೂರನೇ ಮಗ

ಉಳಿದ ಆ ನಾಲ್ಕು ಜನರಲ್ಲಿ ನಾನೂ ಒಬ್ಬ ಅಂತ ಆದೆನಲ್ಲ, ಇರಲಿ ಬಿಡಿ ಸರ್ 😄

ತುಮಕೂರಿನ ಅಕ್ಕ

ಹೌದು ಸರ್, ಅವನಿಗೆ ನಾನೊಬ್ಬಳೇ. ಆ ಚುಕ್ಕೆಯ ವಿಷಯ ಅಪ್ಪನಿಗೆ ಹೇಳಿದೆ. “ದೊಡ್ಡ ಮಿಷನ್ ಇರೋ ಕಡೆ ಹೋದ್ರೆ?” ಅಂದರು.

ಸ್ಲೈಡ್ ಡಬ್ಬಿ

ಅಳೆಯಲು ಆದರೂ ಹೋಲಿಸಲು ಏನಿದೆ? ಎಷ್ಟಿದ್ದರೆ ಗೇ, ಎಷ್ಟಿದ್ದರೆ ಅಲ್ಲ ಅನ್ನುವ ಗೆರೆಯನ್ನು ಯಾರೂ ಎಳೆದಿಲ್ಲ. ಎರಡೂ ಗುಂಪಿನ ಅಳತೆಗಳು ಒಂದರ ಮೇಲೊಂದು ಬೀಳುತ್ತವೆ ಅಂತ ಹೇಳಿದೆನಲ್ಲ. ತಮ್ಮನನ್ನೇ ಕೇಳಿ ಅನ್ನಿ, ಇರುವ ಪರೀಕ್ಷೆ ಅದೊಂದೇ. ಸ್ಕ್ಯಾನ್ ದುಡ್ಡು ಉಳಿಯುತ್ತೆ.

ನೇರಳೆ

ಎಲ್ಲಾ ಓದಿದೆ. ಗಂಡಸರು, ಟಗರು, ಅಣ್ಣಂದಿರು. ನಾವು ಎಲ್ಲಿ? ಲೆವೆ ಅಳೆದ ಆ 6 ಹೆಂಗಸರಲ್ಲಿ ಲೆಸ್ಬಿಯನ್ ಯಾರಾದರೂ ಇದ್ದರಾ?

ಸ್ಲೈಡ್ ಡಬ್ಬಿ

ಇದ್ದರು ಅಂತ ದಾಖಲೆ ಇಲ್ಲ. ಅವರನ್ನೂ ‘ಗೇ ಅಲ್ಲದವರು’ ಅಂತಲೇ ಅಂದುಕೊಂಡದ್ದು. ಬೈನ್ ಹತ್ತಿರವೂ ಲೆಸ್ಬಿಯನ್ ಹೆಂಗಸರ ಗುಂಪು ಇರಲಿಲ್ಲ. ಗೇ ಗಂಡಸರ ಮಿದುಳು ಸಿಕ್ಕಿದ್ದು ಏಡ್ಸ್ ಕಾಲದಲ್ಲಿ ಆಸ್ಪತ್ರೆಗಳಲ್ಲಿ ಅವರ ಆಕರ್ಷಣೆಯೂ ದಾಖಲಾಗುತ್ತಿತ್ತು ಅಂತ. ಬೇರೆ ಕಾಯಿಲೆಯಿಂದ ಸತ್ತ ಹೆಂಗಸಿನ ಕಡತದಲ್ಲಿ ಅದನ್ನು ಯಾರು ಬರೆಯುತ್ತಾರೆ? ಹೆಂಗಸರ ಬಗ್ಗೆ ಮುಖ್ಯವಾಗಿ ಇರುವುದು ಸಿಎಎಚ್, ಮತ್ತೆ ಬೆರಳಿನ ಉದ್ದದ ಅಳತೆಗಳು. ತೋರುಬೆರಳು ಉಂಗುರ ಬೆರಳಿಗಿಂತ ಎಷ್ಟು ಗಿಡ್ಡ ಅನ್ನುವುದು ಹೊಟ್ಟೆಯಲ್ಲಿ ಸಿಕ್ಕ ಹಾರ್ಮೋನ್‌ನ ಗುರುತು ಅಂತ ಹೇಳುತ್ತಾರೆ. ಲೆಸ್ಬಿಯನ್ ಹೆಂಗಸರಲ್ಲಿ ಸರಾಸರಿ ಸ್ವಲ್ಪ ವ್ಯತ್ಯಾಸ ಸಿಕ್ಕಿದೆ. ಗೇ ಗಂಡಸರಲ್ಲಿ ಅಧ್ಯಯನಗಳನ್ನೆಲ್ಲ ಕೂಡಿಸಿದಾಗ ಸಿಗಲಿಲ್ಲ. ಬೆರಳನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಅದು ನನ್ನ ಅಭಿಪ್ರಾಯ.

ನೇರಳೆ

ಮತ್ತೆ ಇಬ್ಬರ ಮೇಲೂ ಆಕರ್ಷಣೆ ಇರುವವರನ್ನು ಲೆವೆ ಎಲ್ಲಿಗೆ ಸೇರಿಸಿದರು?

ಸ್ಲೈಡ್ ಡಬ್ಬಿ

ಆ 19 ಗಂಡಸರಲ್ಲಿ ಒಬ್ಬರು ಹಾಗಿದ್ದರು. ಅವರನ್ನೂ ಗೇ ಗುಂಪಿನಲ್ಲೇ ಎಣಿಸಿದ್ದಾರೆ.